ಒಂದೇ ಕರೆ, ಮೂರು ಸಾರಾಂಶ: ಯಾವುದನ್ನು ನಂಬಿ ಫ್ಯಾಮಿಲಿ ಗ್ರೂಪಿಗೆ ಹಾಕುವುದು?

ಫೋನ್ ಕರೆಯನ್ನು ರೆಕಾರ್ಡ್ ಮಾಡಿ, ಅದರ ಸಾರಾಂಶವನ್ನು ತಾನೇ ಬರೆದುಕೊಡುವ ಆ್ಯಪ್‌ಗಳು ಈಗ ಬಹಳ ಜನರ ಮೊಬೈಲ್‌ನಲ್ಲಿವೆ. ಡಾಕ್ಟರ ಜೊತೆ ಮಾತಾಡಿದ್ದು, ಬ್ಯಾಂಕಿನವರು ಹೇಳಿದ್ದು, ಮನೆ ಬಾಡಿಗೆಯ ಮಾತುಕತೆ, ಎಲ್ಲವೂ ಹತ್ತು ಸಾಲಿನಲ್ಲಿ ಬಂದುಬಿಡುತ್ತದೆ. ಅದನ್ನು ಹಾಗೇ ಗ್ರೂಪಿಗೆ ಹಾಕುತ್ತೇವೆ. ಮಾತಾಡಿದ್ದನ್ನು ಕೇಳದವರು ಆ ಹತ್ತು ಸಾಲನ್ನೇ ನಂಬುತ್ತಾರೆ.

"ಯಾವ ಆ್ಯಪ್ ಒಳ್ಳೆಯದು?" ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಇದು ಚೆನ್ನಾಗಿ ಬರೆಯುತ್ತೆ, ಉದ್ದವಾಗಿ ಕೊಡುತ್ತೆ" ಎಂದು. ಚೆನ್ನಾಗಿ ಬರೆಯುವುದಕ್ಕೂ ಸರಿಯಾಗಿ ಬರೆಯುವುದಕ್ಕೂ ಸಂಬಂಧ ಕಡಿಮೆ. ಸಾರಾಂಶಗಳನ್ನು ಹೋಲಿಸುವವರು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಕರೆಯಲ್ಲಿ ಇದ್ದದ್ದು ಎಷ್ಟು ಬಂದಿದೆ? ಬಂದಿರುವುದು ನಿಜವಾಗಿಯೂ ಕರೆಯಲ್ಲಿ ಇತ್ತೇ? ಯಾರದೋ ಒಬ್ಬರ ಕಡೆಗೆ ವಾಲಿದೆಯೇ? ಮೊದಲನೆಯದನ್ನು ವ್ಯಾಪ್ತಿ, ಎರಡನೆಯದನ್ನು ನಿಷ್ಠೆ, ಮೂರನೆಯದನ್ನು ಪಕ್ಷಪಾತ ಎಂದು ಕರೆಯೋಣ. ಒಂದು ಕರೆಯನ್ನು ಇಟ್ಟುಕೊಂಡು ಮೂರನ್ನೂ ಅಳೆದು ನೋಡೋಣ.

ಮೊದಲು ಕರೆ

ಈ ಕರೆಯನ್ನೂ ಸಾರಾಂಶಗಳನ್ನೂ ಉದಾಹರಣೆಗಾಗಿ ನಾವೇ ಬರೆದುಕೊಂಡಿದ್ದೇವೆ. ಯಾರ ಚಿಕಿತ್ಸೆಗೂ ಇದು ಸಲಹೆಯಲ್ಲ. ತಿಪಟೂರಿನಲ್ಲಿರುವ ಅಮ್ಮ, ಬೆಂಗಳೂರಿನಲ್ಲಿರುವ ಮಗಳು, ಡಾಕ್ಟರು, ಮೂವರೂ ಒಂದೇ ಕರೆಯಲ್ಲಿದ್ದಾರೆ. ರೆಕಾರ್ಡ್ ಮಾಡುತ್ತಿರುವುದನ್ನು ಮಗಳು ಮೊದಲೇ ಹೇಳಿ ಒಪ್ಪಿಗೆ ಪಡೆದಿದ್ದಾಳೆ. ಅಮ್ಮನಿಗೆ ಬಿಪಿ ಇದೆ. ದಿನಕ್ಕೆ ಒಂದು ಆಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ.

"ಡಾಕ್ಟ್ರೇ, ಎರಡೂ ಕಾಲು ಊದ್ಕೊಂಡಿದೆ. ಸಂಜೆ ಹೊತ್ತಿಗೆ ಚಪ್ಪಲಿ ಹಾಕೋಕಾಗಲ್ಲ."

"ಬೇರೆ ಏನಾದ್ರೂ ಮಾತ್ರೆ ತಗೋತಿದ್ದೀರಾ ಅಮ್ಮಾ?"

"ಮಂಡಿ ನೋವಿಗೆ ಮೆಡಿಕಲ್ ಶಾಪ್‌ನೋರು ಕೊಟ್ಟಿದ್ದು. ಒಂದು ತಿಂಗಳಾಯ್ತು, ದಿನಾ ಎರಡು. ಅದು ತಗೋಬಾರದು ಅಂತ ಯಾರೂ ಹೇಳಲಿಲ್ಲ."

"ಅದನ್ನ ಇವತ್ತಿಂದಾನೇ ಬಿಟ್ಬಿಡಿ. ಬಿಪಿ ಮಾತ್ರೆ ಮಾತ್ರ ನಿಲ್ಸ್‌ಬೇಡಿ, ಈಗಿನ ಹಾಗೇ ತಗೊಳ್ಳಿ. ಊತ ಬಿಪಿ ಮಾತ್ರೆಯಿಂದಲೂ ಬರಬಹುದು, ನೋವಿನ ಮಾತ್ರೆಯಿಂದಲೂ ಬರಬಹುದು. ನೋಡಿ ಹೇಳ್ತೀನಿ."

ಡಾಕ್ಟರು ಹೀಗೆ ಅನುಮಾನ ಇಟ್ಟುಕೊಂಡು ಮಾತಾಡಿದ್ದಕ್ಕೆ ಕಾರಣವಿದೆ. ಆಮ್ಲೋಡಿಪಿನ್‌ನಿಂದ ಪಾದ ಊದುವುದು ಚೆನ್ನಾಗಿ ಗೊತ್ತಿರುವ ಅಡ್ಡ ಪರಿಣಾಮ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳೂ ದೇಹದಲ್ಲಿ ನೀರು ನಿಲ್ಲುವಂತೆ ಮಾಡಬಲ್ಲವು, ಬಿಪಿ ಏರಿಸಬಲ್ಲವು, ಕಿಡ್ನಿಗೂ ತೊಂದರೆ ಕೊಡಬಲ್ಲವು. ಹಾಗಾಗಿ ಐದು ದಿನ ಬೆಳಿಗ್ಗೆ, ಸಂಜೆ ಬಿಪಿ ನೋಡಿ ಬರೆದಿಡಲು ಹೇಳಿದರು. ಕಿಡ್ನಿ ಸರಿಯಿದೆಯೇ ಎಂದು ತಿಳಿಯಲು ಕ್ರಿಯೇಟಿನಿನ್ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಉಸಿರು ಕಟ್ಟಿದಂತಾದರೆ, ಅಥವಾ ಒಂದೇ ಕಾಲು ಹೆಚ್ಚು ಊದಿ ನೋವು ಬಂದರೆ ಕಾಯದೆ ಆಸ್ಪತ್ರೆಗೆ ಬರಲು ಹೇಳಿದರು. ಮುಂದಿನ ಶುಕ್ರವಾರ ಬಂದು ತೋರಿಸಿ ಎಂದರು. ಕೊನೆಗೆ ಅಮ್ಮ ಮಗಳಿಗೆ ಹೇಳಿದ ಮಾತು: "ಶುಕ್ರವಾರ ಒಬ್ಬಳೇ ಹೋಗೋಕಾಗಲ್ಲ ಕಣೇ, ಬಸ್ ಹತ್ತೋಕೆ ಆಗ್ತಿಲ್ಲ. ಯಾರಾದ್ರೂ ಜೊತೆಗೆ ಬನ್ನಿ."

ಸಾರಾಂಶ ಓದುವ ಮೊದಲೇ ಪಟ್ಟಿ

ಇಲ್ಲಿ ಒಂದು ಕ್ರಮ ಮುಖ್ಯ. ಆ್ಯಪ್ ಕೊಟ್ಟಿದ್ದನ್ನು ಓದುವ ಮೊದಲೇ, ಕರೆಯನ್ನು ಕೇಳಿ ಅದರಲ್ಲಿದ್ದ ವಿಷಯಗಳನ್ನು ನಾವೇ ಪಟ್ಟಿ ಮಾಡಬೇಕು. ಸಾರಾಂಶವನ್ನು ಮೊದಲು ಓದಿದರೆ, ಅದರಲ್ಲಿ ಇರುವುದೇ ಮುಖ್ಯ ಎಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಬಿಟ್ಟುಹೋಗಿದ್ದು ನೆನಪಿಗೇ ಬರುವುದಿಲ್ಲ. ನಮ್ಮ ಕರೆಯ ಪಟ್ಟಿ ಹೀಗಿದೆ:

1. ಅಮ್ಮ ಒಂದು ತಿಂಗಳಿಂದ ದಿನಾ ಎರಡು ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.
2. ನೋವಿನ ಮಾತ್ರೆ ಇವತ್ತಿನಿಂದಲೇ ನಿಲ್ಲಿಸಬೇಕು.
3. ಬಿಪಿ ಮಾತ್ರೆ ನಿಲ್ಲಿಸಬಾರದು.
4. ಊತಕ್ಕೆ ಎರಡರಲ್ಲಿ ಯಾವುದು ಕಾರಣ ಎಂದು ಇನ್ನೂ ಖಚಿತವಿಲ್ಲ.
5. ಐದು ದಿನ ಬೆಳಿಗ್ಗೆ, ಸಂಜೆ ಬಿಪಿ ಬರೆದಿಡಬೇಕು.
6. ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಬೇಕು.
7. ಉಸಿರು ಕಟ್ಟಿದರೆ, ಒಂದೇ ಕಾಲು ಊದಿ ನೋವಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.
8. ಮುಂದಿನ ಶುಕ್ರವಾರ ಬಂದು ತೋರಿಸಬೇಕು.
9. ಅಮ್ಮನ ಜೊತೆ ಯಾರಾದರೂ ಹೋಗಬೇಕು.

ಒಂಬತ್ತೂ ಒಂದೇ ತೂಕದವಲ್ಲ. 2, 3 ಮತ್ತು 7 ತಪ್ಪಿದರೆ ಜೀವಕ್ಕೇ ತೊಂದರೆಯಾಗಬಹುದು. ಅವುಗಳಿಗೆ ನಕ್ಷತ್ರದ ಗುರುತು ಹಾಕಿಡೋಣ. ಸಂಶೋಧಕರೂ ಹೀಗೇ ತೂಕ ಹಾಕುತ್ತಾರೆ. 2004ರಲ್ಲಿ ಅನಿ ನೆಂಕೋವಾ ಮತ್ತು ರೆಬೆಕಾ ಪಾಸೊನೋ ಮುಂದಿಟ್ಟ 'ಪಿರಮಿಡ್' ವಿಧಾನದಲ್ಲಿ, ಹಲವರು ಬರೆದ ಸಾರಾಂಶಗಳನ್ನು ಸಣ್ಣ ಸಣ್ಣ ವಿಷಯಗಳಾಗಿ ಬಿಡಿಸಿ, ಹೆಚ್ಚು ಜನ ಬರೆದ ವಿಷಯಕ್ಕೆ ಹೆಚ್ಚು ತೂಕ ಕೊಡಲಾಗುತ್ತದೆ. ಮನೆಯಲ್ಲಿ ಅಷ್ಟು ಮಾಡಬೇಕಿಲ್ಲ. ಕರೆ ಕೇಳಿದ ಇಬ್ಬರು ಬೇರೆ ಬೇರೆಯಾಗಿ ಪಟ್ಟಿ ಮಾಡಿ, ಆಮೇಲೆ ಜೋಡಿಸಿ ನೋಡಿದರೆ ಸಾಕು.

ಮೂರು ಸಾರಾಂಶಗಳು

ಸಾರಾಂಶ 'ಅ': "ಅಮ್ಮನ ಕಾಲಿನ ಊತದ ಬಗ್ಗೆ ಚರ್ಚೆ ನಡೆಯಿತು. ಬಿಪಿ ಮಾತ್ರೆಯಿಂದ ಊತ ಬಂದಿದೆ ಎಂದು ವೈದ್ಯರು ತಿಳಿಸಿದರು. ಆಮ್ಲೋಡಿಪಿನ್ ನಿಲ್ಲಿಸಬೇಕು. ಐದು ದಿನ ಬೆಳಿಗ್ಗೆ ಮತ್ತು ಸಂಜೆ ಬಿಪಿ ದಾಖಲಿಸಬೇಕು. ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಬೇಕು. ಊಟದಲ್ಲಿ ಉಪ್ಪು ಕಡಿಮೆ ಮಾಡಬೇಕು. ಉಸಿರಾಟದ ತೊಂದರೆಯಾದರೆ ಅಥವಾ ಒಂದೇ ಕಾಲು ಊದಿ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮುಂದಿನ ಭೇಟಿ ಮುಂದಿನ ಶುಕ್ರವಾರ."

ಸಾರಾಂಶ 'ಬ': "ಬಿಪಿ ಮಾತ್ರೆ ಈಗಿನಂತೆಯೇ ಮುಂದುವರಿಸಬೇಕು. ಅಂಗಡಿಯಿಂದ ತಂದ ನೋವಿನ ಮಾತ್ರೆ ಇಂದಿನಿಂದ ನಿಲ್ಲಿಸಬೇಕು. ಐದು ದಿನ ಬೆಳಿಗ್ಗೆ, ಸಂಜೆ ಬಿಪಿ ಬರೆದಿಡಬೇಕು. ಮುಂದಿನ ಶುಕ್ರವಾರ ತೋರಿಸಬೇಕು."

ಸಾರಾಂಶ 'ಕ': "ಬಿಪಿ ಮಾತ್ರೆ ಮುಂದುವರಿಸಲು ವೈದ್ಯರು ಸೂಚಿಸಿದರು. ವೈದ್ಯರನ್ನು ಕೇಳದೆ ಒಂದು ತಿಂಗಳಿಂದ ದಿನಾ ಎರಡು ನೋವಿನ ಮಾತ್ರೆ ನುಂಗುತ್ತಿದ್ದುದನ್ನು ರೋಗಿ ಒಪ್ಪಿಕೊಂಡರು. ಅದನ್ನು ಇಂದಿನಿಂದ ನಿಲ್ಲಿಸುವಂತೆ ವೈದ್ಯರು ಹೇಳಿದರು. ಐದು ದಿನ ಎರಡು ಹೊತ್ತು ಬಿಪಿ ಬರೆದಿಡಬೇಕು. ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಬೇಕು. ಉಸಿರು ಕಟ್ಟಿದರೆ ಅಥವಾ ಒಂದೇ ಕಾಲು ಊದಿ ನೋವಾದರೆ ತಕ್ಷಣ ಆಸ್ಪತ್ರೆಗೆ ಬರಬೇಕು. ಮುಂದಿನ ಶುಕ್ರವಾರ ಭೇಟಿ."

ಕರೆ ಕೇಳದ ಅಣ್ಣನಿಗೆ ಈ ಮೂರನ್ನೂ ಕಳಿಸಿದರೆ 'ಅ' ಅವನಿಗೆ ಇಷ್ಟವಾಗುವ ಸಾಧ್ಯತೆ ಹೆಚ್ಚು. ಉದ್ದವಾಗಿದೆ, ಅಚ್ಚುಕಟ್ಟಾಗಿದೆ, ಮಾತ್ರೆಯ ಹೆಸರೂ ಇದೆ. ಈಗ ಅಳೆಯೋಣ.

ವ್ಯಾಪ್ತಿ: ಕರೆಯಲ್ಲಿ ಇದ್ದದ್ದು ಎಷ್ಟು ಬಂದಿದೆ?

ನಮ್ಮ ಪಟ್ಟಿಯ ಒಂಬತ್ತು ವಿಷಯಗಳನ್ನು ಒಂದೊಂದಾಗಿ ಹಿಡಿದು, ಸಾರಾಂಶದಲ್ಲಿ ಇದೆಯೇ ಎಂದು ಹುಡುಕುತ್ತೇವೆ. 'ಅ'ದಲ್ಲಿ 5, 6, 7, 8 ಇವೆ. ಒಂಬತ್ತಕ್ಕೆ ನಾಲ್ಕು. ಬಿಪಿ ಮಾತ್ರೆಯ ಬಗ್ಗೆಯೂ ಊತದ ಕಾರಣದ ಬಗ್ಗೆಯೂ ಅದರಲ್ಲಿ ವಾಕ್ಯ ಇದೆಯಲ್ಲ ಎನ್ನಬಹುದು. ಆದರೆ ಅವು ಕರೆಯಲ್ಲಿ ಹೇಳಿದ್ದಕ್ಕೆ ಉಲ್ಟಾ ಆಗಿವೆ ಅಥವಾ ಬದಲಾಗಿವೆ. ವಿಷಯವನ್ನು ಮುಟ್ಟಿದ ಮಾತ್ರಕ್ಕೆ ಅಂಕ ಕೊಟ್ಟರೆ ತಪ್ಪು ಬರೆದವರಿಗೂ ಅಂಕ ಸಿಗುತ್ತದೆ. ಹೇಳಿದ ಮಾತು ಹೇಳಿದಂತೆಯೇ ಬಂದಿದ್ದರೆ ಮಾತ್ರ ಲೆಕ್ಕ.

'ಬ'ದಲ್ಲಿ 2, 3, 5, 8 ಇವೆ. ಅದಕ್ಕೂ ಒಂಬತ್ತಕ್ಕೆ ನಾಲ್ಕು. 'ಕ'ದಲ್ಲಿ 4 ಮತ್ತು 9 ಬಿಟ್ಟು ಉಳಿದ ಏಳೂ ಇವೆ.

'ಅ' ಎಂಟು ವಾಕ್ಯ ಬರೆದು ನಾಲ್ಕು ಅಂಕ ಪಡೆಯಿತು. 'ಬ' ನಾಲ್ಕೇ ವಾಕ್ಯ ಬರೆದು ಅಷ್ಟೇ ಅಂಕ ಪಡೆಯಿತು. ಉದ್ದ ನೋಡಿ ವ್ಯಾಪ್ತಿ ಊಹಿಸಿದರೆ ಹೀಗೆ ಮೋಸ ಹೋಗುತ್ತೇವೆ. ನಕ್ಷತ್ರ ಹಾಕಿದ ಮೂರನ್ನು ನೋಡಿದರೆ, 'ಅ'ದಲ್ಲಿ ಒಂದು, 'ಬ'ದಲ್ಲಿ ಎರಡು, 'ಕ'ದಲ್ಲಿ ಮೂರೂ ಇವೆ. 'ಬ' ಬಿಟ್ಟಿದ್ದು ಏಳನೆಯದನ್ನು, ಅಂದರೆ ಯಾವಾಗ ಆಸ್ಪತ್ರೆಗೆ ಓಡಬೇಕು ಎಂಬುದನ್ನೇ.

ನಿಷ್ಠೆ: ಬರೆದಿರುವುದು ಕರೆಯಲ್ಲಿ ಇತ್ತೇ?

ಈಗ ತಿರುಗಿಸಿ ಹುಡುಕಬೇಕು. ಮೊದಲು ಪಟ್ಟಿಯಿಂದ ಸಾರಾಂಶಕ್ಕೆ ಹೋದೆವು. ಈಗ ಸಾರಾಂಶದ ಒಂದೊಂದು ಹೇಳಿಕೆಯನ್ನೂ ಹಿಡಿದು, ರೆಕಾರ್ಡಿಂಗ್‌ನಲ್ಲಿ ಆ ಮಾತು ಎಷ್ಟನೇ ನಿಮಿಷದಲ್ಲಿದೆ ಎಂದು ತೋರಿಸಬೇಕು. ತೋರಿಸಲು ಆಗದಿದ್ದರೆ ಅದಕ್ಕೆ ಆಧಾರವಿಲ್ಲ ಎಂದೇ ಅರ್ಥ.

'ಬ'ದ ನಾಲ್ಕಕ್ಕೆ ನಾಲ್ಕೂ, 'ಕ'ದ ಏಳಕ್ಕೆ ಏಳೂ ಕರೆಯಲ್ಲಿ ಸಿಗುತ್ತವೆ. 'ಅ'ದ ಎಂಟರಲ್ಲಿ ಐದು ಸಿಗುತ್ತವೆ, ಮೂರು ಸಿಗುವುದಿಲ್ಲ. ಆ ಮೂರೂ ಬೇರೆ ಬೇರೆ ಬಗೆಯ ತಪ್ಪುಗಳು.

ಮೊದಲನೆಯದು ಅನುಮಾನವನ್ನು ಖಚಿತ ಮಾಡಿದ್ದು. ಡಾಕ್ಟರು "ಬರಬಹುದು" ಎಂದರು, ಸಾರಾಂಶ "ಬಂದಿದೆ" ಎಂದಿತು. ಎರಡು ಸಾಧ್ಯತೆಗಳಲ್ಲಿ ಒಂದು ಮಾಯವೂ ಆಯಿತು.

ಎರಡನೆಯದು ಉಪ್ಪಿನ ಮಾತು. ಬಿಪಿ ಇರುವವರು ಉಪ್ಪು ಕಡಿಮೆ ಮಾಡುವುದು ಒಳ್ಳೆಯ ಸಲಹೆಯೇ. ಆದರೆ ಈ ಕರೆಯಲ್ಲಿ ಯಾರೂ ಅದನ್ನು ಹೇಳಿಲ್ಲ. ಬಿಪಿ ಕುರಿತ ಎಷ್ಟೋ ಬರಹಗಳಲ್ಲಿ ಉಪ್ಪಿನ ಮಾತು ಜೊತೆಗೇ ಬರುವುದರಿಂದ, ಯಂತ್ರ ಅದನ್ನು ಇಲ್ಲಿಯೂ ಸೇರಿಸಬಹುದು. ಇಂಥದ್ದನ್ನು ಹಿಡಿಯುವುದು ಕಷ್ಟ, ಏಕೆಂದರೆ ಓದಿದರೆ ಸರಿ ಎನಿಸುತ್ತದೆ. ನಿಷ್ಠೆ ಅಳೆಯುವಾಗ "ಇದು ಲೋಕದಲ್ಲಿ ನಿಜವೇ?" ಎಂದು ಕೇಳುವುದಲ್ಲ, "ಇದನ್ನು ಈ ಕರೆಯಲ್ಲಿ ಹೇಳಿದರೇ?" ಎಂದು ಕೇಳಬೇಕು. ಡಾಕ್ಟರು ಹೇಳದ ಮಾತು ಡಾಕ್ಟರ ಹೆಸರಿನಲ್ಲಿ ಹೋಗುತ್ತಿದೆ ಎಂಬುದೇ ಇಲ್ಲಿನ ತಪ್ಪು.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ನಿಲ್ಲಿಸಬಾರದ ಮಾತ್ರೆಯನ್ನು ನಿಲ್ಲಿಸಿ ಎಂದಿದೆ. ಇದು ಎರಡು ದಾರಿಯಲ್ಲಿ ಆಗಿರಬಹುದು. ಈ ಆ್ಯಪ್‌ಗಳು ಸಾಮಾನ್ಯವಾಗಿ ಎರಡು ಹಂತದಲ್ಲಿ ಕೆಲಸ ಮಾಡುತ್ತವೆ: ಮೊದಲು ಮಾತನ್ನು ಅಕ್ಷರಕ್ಕೆ ಇಳಿಸುತ್ತವೆ, ಆಮೇಲೆ ಆ ಅಕ್ಷರವನ್ನು ಸಾರಾಂಶ ಮಾಡುತ್ತವೆ. ನಮ್ಮ ಆಡುಮಾತಿನಲ್ಲಿ "ನಿಲ್ಸ್‌ಬೇಡಿ" ಮತ್ತು "ನಿಲ್ಸ್‌ಬಿಡಿ" ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ. ನೆಟ್‌ವರ್ಕ್ ಕೆಟ್ಟಿದ್ದಾಗ 'ಬೇ' ಹೋಗಿ 'ಬಿ' ಆದರೆ ಅರ್ಥವೇ ತಲೆಕೆಳಗಾಗುತ್ತದೆ. ಇನ್ನೊಂದು ದಾರಿಯೆಂದರೆ, ಅಕ್ಷರ ಸರಿಯಾಗಿಯೇ ಇಳಿದಿದ್ದು, ಸಾರಾಂಶದ ಹಂತದಲ್ಲಿ ಎರಡು ಮಾತ್ರೆಗಳು ಅದಲು ಬದಲಾಗುವುದು. ಡಾಕ್ಟರು "ಅದನ್ನ ಬಿಟ್ಬಿಡಿ" ಎಂದರು. 'ಅದು' ಯಾವುದು ಎಂಬುದು ಅಮ್ಮನ ಹಿಂದಿನ ಮಾತಿನಲ್ಲಿದೆ.

ಯಾವ ಹಂತದಲ್ಲಿ ತಪ್ಪಾಯಿತು ಎಂದು ತಿಳಿಯುವುದು ಸುಲಭ. ಆ್ಯಪ್‌ನಲ್ಲಿ ಪೂರ್ತಿ ಮಾತುಕತೆಯ ಬರಹ ಇದ್ದರೆ ಅದನ್ನು ತೆರೆದು ಆ ಸಾಲನ್ನು ನೋಡಿ. ಅಲ್ಲಿಯೇ "ಬಿಡಿ" ಎಂದಿದ್ದರೆ ಕೇಳಿಸಿಕೊಂಡದ್ದೇ ತಪ್ಪು. ಅಲ್ಲಿ "ಬೇಡಿ" ಎಂದಿದ್ದೂ ಸಾರಾಂಶ ತಪ್ಪಿದ್ದರೆ ಎರಡನೇ ಹಂತದ ತಪ್ಪು. ಆದರೆ ಬರಹದೊಂದಿಗೆ ಹೋಲಿಸಿ ನಿಲ್ಲಿಸಬೇಡಿ, ಆಡಿಯೋ ಕೇಳಿ. ಬರಹವೂ ಯಂತ್ರದ್ದೇ. ವಿಸ್ಪರ್ ಎಂಬ ಹೆಸರಾಂತ ಯಂತ್ರವನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸುಮಾರು ಶೇ 1ರಷ್ಟು ಧ್ವನಿ ತುಣುಕುಗಳ ಬರಹದಲ್ಲಿ ಯಾರೂ ಆಡದ ಮಾತುಗಳು ಸೇರಿಕೊಂಡಿದ್ದವು. ಮಾತಿನ ನಡುವೆ ಹೆಚ್ಚು ಹೊತ್ತು ಮೌನ ಇದ್ದ ಕಡೆ ಈ ತೊಂದರೆ ಹೆಚ್ಚು. ವಯಸ್ಸಾದವರು ತಡೆದು ತಡೆದು ಮಾತಾಡುವ ಕರೆಗಳಲ್ಲಿ ಇದನ್ನು ನೆನಪಿಡಿ.

ಪಕ್ಷಪಾತ: ಎಲ್ಲವೂ ನಿಜ, ಆದರೂ ವಾಲಿದೆ

ಇಲ್ಲಿಯವರೆಗೆ 'ಕ' ಗೆದ್ದಂತೆ ಕಾಣುತ್ತದೆ. ವ್ಯಾಪ್ತಿ ಒಂಬತ್ತಕ್ಕೆ ಏಳು, ನಿಷ್ಠೆ ಏಳಕ್ಕೆ ಏಳು. ಈಗ ಮತ್ತೊಮ್ಮೆ ಓದಿ. ಅಮ್ಮ "ಒಪ್ಪಿಕೊಂಡರು" ಎಂದಿದೆ. ಡಾಕ್ಟರು ಕೇಳಿದರು, ಅಮ್ಮ ಹೇಳಿದರು, ಅಷ್ಟೇ ಆಗಿದ್ದು. 'ಒಪ್ಪಿಕೊಂಡರು' ಎಂದಾಗ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಕೇಳುತ್ತದೆ. "ವೈದ್ಯರನ್ನು ಕೇಳದೆ" ಎಂಬುದು ಸುಳ್ಳಲ್ಲ, ಆದರೆ ಮೆಡಿಕಲ್ ಶಾಪಿನವರು ಕೊಟ್ಟರು, ಬೇಡ ಎಂದು ಯಾರೂ ಹೇಳಲಿಲ್ಲ ಎಂಬ ಅಮ್ಮನ ಮಾತು ಬಿಟ್ಟುಹೋಗಿದೆ. ಇದು ಗ್ರೂಪಿಗೆ ಬಿದ್ದರೆ ಅಮ್ಮನಿಗೆ ಮೊದಲು ಬರುವುದು ಬೈಗುಳ.

ಇದನ್ನು ಬರೀ ಅನಿಸಿಕೆಯಿಂದ ಹೇಳಬೇಕಿಲ್ಲ, ಎಣಿಸಬಹುದು. ಪಟ್ಟಿಯ ಪ್ರತಿ ವಿಷಯದ ಮುಂದೆ ಅದನ್ನು ಹೇಳಿದವರು ಯಾರು ಎಂದು ಬರೆಯಿರಿ. 2ರಿಂದ 8ರವರೆಗಿನ ಏಳು ಡಾಕ್ಟರು ಹೇಳಿದ್ದು. 1 ಮತ್ತು 9 ಅಮ್ಮ ಹೇಳಿದ್ದು. 'ಕ'ದಲ್ಲಿ ಡಾಕ್ಟರ ಏಳರಲ್ಲಿ ಆರು ಬಂದಿವೆ. ಅಮ್ಮನ ಎರಡರಲ್ಲಿ ಒಂದು ಆರೋಪದ ರೂಪದಲ್ಲಿ ಬಂದಿದೆ, ಇನ್ನೊಂದು ಬಂದೇ ಇಲ್ಲ. ಬಿಟ್ಟುಹೋದ ಆ ಮಾತು ಮನೆಯವರು ಮಾಡಬೇಕಾದ ಕೆಲಸ. ಶುಕ್ರವಾರ ಯಾರೂ ಜೊತೆಗೆ ಹೋಗದಿದ್ದರೆ, ಉಳಿದ ಏಳೂ ಸರಿಯಿದ್ದರೂ ಅಮ್ಮ ಆಸ್ಪತ್ರೆ ತಲುಪುವುದಿಲ್ಲ. 'ಅ' ಮತ್ತು 'ಬ'ಗಳಲ್ಲೂ ಅಮ್ಮನ ಎರಡೂ ಮಾತು ಇಲ್ಲ ಎಂಬುದನ್ನು ಗಮನಿಸಿ.

ಪಕ್ಷಪಾತ ಎಂದರೆ ಯಂತ್ರಕ್ಕೆ ಅಮ್ಮನ ಮೇಲೆ ಕೋಪ ಎಂದಲ್ಲ. ಹೆಚ್ಚು ಮಾತಾಡಿದವರು, ಗಟ್ಟಿಯಾಗಿ ಮತ್ತು ಸ್ಪಷ್ಟವಾಗಿ ಮಾತಾಡಿದವರು, ಗ್ರಂಥದ ಭಾಷೆಗೆ ಹತ್ತಿರವಾಗಿ ಮಾತಾಡಿದವರು ಸಾರಾಂಶದಲ್ಲಿ ಹೆಚ್ಚು ಜಾಗ ಪಡೆಯಬಹುದು. ಉತ್ತರ ಕರ್ನಾಟಕದ ಅಥವಾ ಕುಂದಾಪುರದ ಆಡುಮಾತು ಅಕ್ಷರಕ್ಕೆ ಇಳಿಯುವಾಗಲೇ ಕೆಟ್ಟರೆ, ಸಾರಾಂಶದಲ್ಲಿ ಆ ವ್ಯಕ್ತಿಯೇ ಇರುವುದಿಲ್ಲ.

ಯಂತ್ರವೇ ಅಂಕ ಕೊಟ್ಟರೆ ಆಗದೇ?

ಆಗುತ್ತದೆ, ಆದರೆ ಮಿತಿ ಗೊತ್ತಿರಬೇಕು. 2004ರಲ್ಲಿ ಚಿನ್-ಯೂ ಲಿನ್ ಪ್ರಕಟಿಸಿದ 'ರೂಜ್' ಎಂಬ ಅಳತೆ ಇಂದಿಗೂ ಬಳಕೆಯಲ್ಲಿದೆ. ಮನುಷ್ಯರು ಬರೆದ ಸಾರಾಂಶಕ್ಕೂ ಯಂತ್ರದ ಸಾರಾಂಶಕ್ಕೂ ಎಷ್ಟು ಪದಗಳು ಹೊಂದುತ್ತವೆ ಎಂದು ಅದು ಎಣಿಸುತ್ತದೆ. ಮೂವತ್ತು ಪದಗಳ ಸಾರಾಂಶದಲ್ಲಿ "ನಿಲ್ಲಿಸಬಾರದು" ಹೋಗಿ "ನಿಲ್ಲಿಸಬೇಕು" ಬಂದರೆ ತಪ್ಪಿದ್ದು ಒಂದೇ ಪದ. ಅಂಕ ಹೆಚ್ಚು ಇಳಿಯುವುದೇ ಇಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. "ಮಾತ್ರೆಯನ್ನು", "ಮಾತ್ರೆಯಿಂದ", "ಮಾತ್ರೆಗೆ" ಇವು ಪದ ಎಣಿಸುವ ಯಂತ್ರಕ್ಕೆ ಬೇರೆ ಬೇರೆ ಪದಗಳು. ಹಾಗಾಗಿ ಸರಿಯಾದ ಸಾರಾಂಶಕ್ಕೂ ಕಡಿಮೆ ಅಂಕ ಬೀಳಬಹುದು.

ಈಗ ಭಾಷಾ ಮಾದರಿಗಳನ್ನೇ ತೀರ್ಪುಗಾರರನ್ನಾಗಿ ಮಾಡುವುದೂ ಇದೆ. ಅವು ಉದ್ದದ ಉತ್ತರಕ್ಕೆ ಒಲಿಯುತ್ತವೆ, ಯಾವುದನ್ನು ಮೊದಲು ತೋರಿಸಿದೆವು ಎಂಬುದರ ಮೇಲೆ ಅವುಗಳ ತೀರ್ಪು ಬದಲಾಗಬಲ್ಲದು ಎಂದು ಸಂಶೋಧಕರು ಕಂಡಿದ್ದಾರೆ. ನಾವೂ ಹಾಗೆಯೇ. ಅದಕ್ಕೇ ಆ್ಯಪ್‌ಗಳ ಹೆಸರು ಮುಚ್ಚಿ, 'ಅ', 'ಬ', 'ಕ' ಎಂದಷ್ಟೇ ಬರೆದು, ಕ್ರಮ ಬದಲಿಸಿ ಇಬ್ಬರಿಗೆ ಕೊಡಬೇಕು.

ಹೋಲಿಕೆ ನ್ಯಾಯವಾಗಿರಬೇಕಾದರೆ ಮೂರು ಆ್ಯಪ್‌ಗಳಿಗೂ ಅದೇ ಆಡಿಯೋ ಕೊಡಬೇಕು, ಉದ್ದದ ಮಿತಿಯೂ ಒಂದೇ ಇರಬೇಕು. ಅದೇ ಆ್ಯಪ್ ಅದೇ ಕರೆಗೆ ಎರಡನೇ ಸಲ ಬೇರೆ ಸಾರಾಂಶ ಕೊಡುವುದೂ ಉಂಟು. ಆದ್ದರಿಂದ ಒಂದೇ ಕರೆ ನೋಡಿ "ಈ ಆ್ಯಪ್ ಬೆಸ್ಟ್" ಎಂದು ಫಾರ್ವರ್ಡ್ ಮಾಡುವುದು ಸರಿಯಲ್ಲ. ಆ ಒಂದು ಸಾರಾಂಶ ಸರಿಯೇ ಎಂದಷ್ಟೇ ಅದರಿಂದ ಹೇಳಬಹುದು.

ಹಾಗಾದರೆ ಗ್ರೂಪಿಗೆ ಯಾವುದು?

ಮೂರು ಅಳತೆಯನ್ನೂ ಕೂಡಿಸಿ ಒಂದು ಸರಾಸರಿ ತೆಗೆಯಲು ಹೋಗಬೇಡಿ. ಮೊದಲು ನಿಷ್ಠೆ ನೋಡಿ. ನಕ್ಷತ್ರ ಹಾಕಿದ ವಿಷಯದಲ್ಲಿ ಒಂದೇ ಒಂದು ಉಲ್ಟಾ ಇದ್ದರೂ ಆ ಸಾರಾಂಶವನ್ನು ಬದಿಗಿಡಿ. 'ಅ' ಇಲ್ಲಿಗೇ ಹೊರಗೆ. ಉಳಿದವುಗಳಲ್ಲಿ ನಕ್ಷತ್ರದ ವಿಷಯಗಳೆಲ್ಲ ಇವೆಯೇ ನೋಡಿ. 'ಬ' ಇಲ್ಲಿ ನಿಲ್ಲುತ್ತದೆ. ಕೊನೆಗೆ ಉಳಿದ 'ಕ'ದ ವಾಲುವಿಕೆಯನ್ನು ಕೈಯಾರೆ ತಿದ್ದಿ. "ಒಪ್ಪಿಕೊಂಡರು" ಎಂಬುದನ್ನು "ಹೇಳಿದರು" ಎಂದು ಮಾಡಿ, "ಮೆಡಿಕಲ್ ಶಾಪಿನವರು ಕೊಟ್ಟಿದ್ದು" ಎಂದು ಸೇರಿಸಿ. "ಊತಕ್ಕೆ ಕಾರಣ ಇನ್ನೂ ಖಚಿತವಿಲ್ಲ", "ಶುಕ್ರವಾರ ಅಮ್ಮನ ಜೊತೆ ಯಾರಾದರೂ ಹೋಗಬೇಕು" ಎಂಬ ಎರಡು ಸಾಲು ಹಾಕಿ.

ಪೂರ್ತಿ ಎಣಿಸಲು ಸಮಯವಿಲ್ಲದಿದ್ದರೆ ಇಷ್ಟಾದರೂ ಮಾಡಿ. ಸಾರಾಂಶದಲ್ಲಿ ಮಾತ್ರೆಯ ಹೆಸರು, ಪ್ರಮಾಣ, ದಿನ, ದುಡ್ಡಿನ ಮೊತ್ತ, 'ಬೇಕು' ಅಥವಾ 'ಬಾರದು' ಇರುವ ಪ್ರತಿ ಸಾಲಿಗೂ ಆಡಿಯೋದಲ್ಲಿ ಆ ಜಾಗ ಹುಡುಕಿ ಕೇಳಿ. ಸಿಗದಿದ್ದರೆ ಆ ಸಾಲು ಅಳಿಸಿ. ಮಾತ್ರೆಯ ವಿಷಯವಾದರೆ ಡಾಕ್ಟರಿಗೇ ಒಂದು ಮೆಸೇಜ್ ಹಾಕಿ ಕೇಳಿ: "ಬಿಪಿ ಮಾತ್ರೆ ಮುಂದುವರಿಸೋದು, ನೋವಿನ ಮಾತ್ರೆ ನಿಲ್ಲಿಸೋದು, ಸರೀನಾ ಡಾಕ್ಟ್ರೇ?"